ಶೇಡ್ ಕಾರ್ಡಿನ ಬಣ್ಣವೂ ತಲೆಯ ಮೇಲಿನ ಬಣ್ಣವೂ

ಕೂದಲಿಗೆ ಬಣ್ಣ ಹಾಕಿಸಲು ಸಲೂನಿಗೆ ಹೋದವರ ಕೈಗೆ ಮೊದಲು ಬರುವುದು ಶೇಡ್ ಕಾರ್ಡ್. ದಪ್ಪ ರಟ್ಟಿನ ಪುಸ್ತಕ. ತೆರೆದರೆ ಸಾಲುಸಾಲಾಗಿ ಬೆರಳುದ್ದದ ಕುಚ್ಚುಗಳು, ಪ್ರತಿಯೊಂದರ ಕೆಳಗೂ ಒಂದು ಸಂಖ್ಯೆ. ಕೆಲವು ಕಡೆ ಇದೇ ಕುಚ್ಚುಗಳನ್ನು ಕೀಲಿಗೊಂಚಲಿನ ಹಾಗೆ ಒಂದು ಬಳೆಗೆ ಪೋಣಿಸಿರುತ್ತಾರೆ, ಅದನ್ನು ಸ್ವಾಚ್ ರಿಂಗ್ ಎನ್ನುತ್ತಾರೆ. ಪುಟ ತಿರುವುತ್ತಾ ಹೋದವರ ಬೆರಳು ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಹೊಳೆಯುವ ಜೇನುಬಣ್ಣದ ಕುಚ್ಚೊಂದನ್ನು ಮುಟ್ಟಿ "ನನಗೆ ಇದೇ ಬೇಕು" ಎನ್ನುತ್ತಾರೆ. ಎರಡು ಗಂಟೆಯ ನಂತರ ಕನ್ನಡಿಯಲ್ಲಿ ಕಾಣುವುದು ಬೇರೆಯೇ ಬಣ್ಣ. ಗ್ರಾಹಕರಿಗೆ ಮೋಸ ಹೋದ ಭಾವ, ಬಣ್ಣ ಹಾಕಿದವರಿಗೆ ಮುಜುಗರ. ಹಣ ಮಾತ್ರ ಕೊಟ್ಟಾಗಿರುತ್ತದೆ.

ಇದರಲ್ಲಿ ಹೆಚ್ಚಿನ ಸಲ ಕೆಲಸಗಾರರ ಕೈಯ ತಪ್ಪೂ ಇರುವುದಿಲ್ಲ, ಟ್ಯೂಬಿನ ತಪ್ಪೂ ಇರುವುದಿಲ್ಲ. ಕಾರ್ಡು ಹೇಳಲಾರದ್ದನ್ನು ಅದರಿಂದ ಹೇಳಿಸಲು ಹೋದದ್ದೇ ತಪ್ಪು. ಶೇಡ್ ಕಾರ್ಡಿನ ನಿಜವಾದ ಉಪಯೋಗ ನಾವು ಎಲ್ಲಿ ಮುಟ್ಟುತ್ತೇವೆ ಎಂದು ತೋರಿಸುವುದರಲ್ಲಿಲ್ಲ, ಈಗ ಎಲ್ಲಿದ್ದೇವೆ ಎಂದು ಗುರುತಿಸುವುದರಲ್ಲಿದೆ. ಆದರೆ ಬಹುತೇಕ ಕಡೆ ಅದನ್ನು ಗ್ರಾಹಕರಿಗೆ ಆಸೆ ಹುಟ್ಟಿಸಲು ಬಳಸುತ್ತಾರೆಯೇ ಹೊರತು ಅವರ ಕೂದಲನ್ನು ಅಳೆಯಲು ಬಳಸುವುದಿಲ್ಲ.

ಕುಚ್ಚಿನಿಂದಲೇ ಶುರು ಮಾಡೋಣ. ಹೆಚ್ಚಿನ ಕಾರ್ಡುಗಳಲ್ಲಿರುವುದು ಮನುಷ್ಯರ ಕೂದಲಲ್ಲ, ನೈಲಾನಿನಂಥ ಕೃತಕ ಎಳೆ. ಅದಕ್ಕೆ ಬಣ್ಣ ಕೊಟ್ಟಿರುವುದು ಕಾರ್ಖಾನೆಯಲ್ಲಿ, ಬೇರೆ ಬಣ್ಣದಿಂದ. ನಿಮ್ಮ ತಲೆಗೆ ಹಚ್ಚುವ ಟ್ಯೂಬಿನಿಂದಲ್ಲ. ಆ ಎಳೆ ಮೊದಲು ಬಿಳಿಯಾಗಿತ್ತು, ಎಲ್ಲ ಕಡೆ ಒಂದೇ ದಪ್ಪ, ಒಂದೇ ನುಣುಪು. ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವುದರಿಂದ ಬೆಳಕು ಬಿದ್ದ ಕೂಡಲೇ ಹೊಳೆಯುತ್ತವೆ. ನಮ್ಮ ತಲೆಯ ಕೂದಲು ಹೀಗಲ್ಲ. ಬುಡದಲ್ಲಿ ಹೊಸದು, ತುದಿಯಲ್ಲಿ ಮೂರ್ನಾಲ್ಕು ವರ್ಷ ಬಿಸಿಲು, ಶಾಂಪೂ, ಬಾಚಣಿಗೆ ಎಲ್ಲ ಕಂಡದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಈಗಾಗಲೇ ತನ್ನದೇ ಆದ ಬಣ್ಣವಿದೆ. ಒಂದು ಚಿಟಿಕೆ ಕೇಸರಿಯನ್ನು ಹಾಲಿಗೆ ಹಾಕಿದರೆ ಕಾಣುವ ಬಣ್ಣ ಡಿಕಾಕ್ಷನ್ನಿಗೆ ಹಾಕಿದರೆ ಕಾಣುವುದಿಲ್ಲವಲ್ಲ, ಹಾಗೆ.

ಇನ್ನು ಸಂಖ್ಯೆ. ವೃತ್ತಿಪರ ಬಣ್ಣಗಳಲ್ಲಿ ಚುಕ್ಕೆಯ ಹಿಂದಿನ ಅಂಕಿ ಬಣ್ಣದ ಗಾಢತೆಯನ್ನು ಹೇಳುತ್ತದೆ. ಸಲೂನಿನ ಮಾತಿನಲ್ಲಿ ಲೆವೆಲ್. 1 ಎಂದರೆ ಕಪ್ಪು, 3 ಗಾಢ ಕಂದು, 5 ತಿಳಿ ಕಂದು, 10 ಅತ್ಯಂತ ತಿಳಿಯಾದ ಹೊಂಬಣ್ಣ. ನಮ್ಮ ಕಡೆಯ ಹೆಚ್ಚಿನ ಜನರ ಹುಟ್ಟುಗೂದಲು 1ರಿಂದ 3ರ ನಡುವೆ, ಕೆಲವರದು 4. ಚುಕ್ಕೆಯ ಮುಂದಿನ ಅಂಕಿ ಬಣ್ಣದ ಛಾಯೆಯನ್ನು ಹೇಳುತ್ತದೆ: ಬೂದಿ ಛಾಯೆಯೋ, ಹೊನ್ನಿನದೋ, ತಾಮ್ರದ್ದೋ, ಕೆಂಪೋ. ಗಾಢತೆಯ ಅಂಕಿಗಳು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಛಾಯೆಯ ಅಂಕಿಗಳು ಹಾಗಲ್ಲ. ಲೋರಿಯಲ್ ಕಾರ್ಡಿನಲ್ಲಿ 4 ಎಂದರೆ ತಾಮ್ರ, ವೆಲ್ಲಾದಲ್ಲಿ 4 ಎಂದರೆ ಕೆಂಪು. ಒಂದು ಸಲೂನಿನಲ್ಲಿ ಹಾಕಿಸಿಕೊಂಡ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಬೇರೆ ಕಂಪನಿಯ ಬಣ್ಣ ಬಳಸುವ ಮತ್ತೊಂದು ಸಲೂನಿಗೆ ಹೋದರೆ ಅದೇ ಬಣ್ಣ ಸಿಗಬೇಕೆಂದಿಲ್ಲ. ಸಂಖ್ಯೆಯ ಜೊತೆಗೆ ಕಂಪನಿಯ ಹೆಸರನ್ನೂ ಬರೆದುಕೊಳ್ಳಬೇಕು.

ಈಗ ರಿಂಗಿನ ಸರಿಯಾದ ಕೆಲಸಕ್ಕೆ ಬರುತ್ತೇನೆ. ಒಳ್ಳೆಯ ಕಲರಿಸ್ಟ್ ಗ್ರಾಹಕರಿಗೆ ಕಾರ್ಡು ಕೊಡುವ ಮೊದಲು ತಾವೇ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಛಾಯೆಯ ಪುಟಗಳನ್ನು ಬಿಟ್ಟು, ಛಾಯೆಯಿಲ್ಲದ ಸಹಜ ಬಣ್ಣಗಳ ಸಾಲನ್ನು ತೆರೆಯುತ್ತಾರೆ. ಬೈತಲೆ ತೆಗೆದು, ನೆತ್ತಿಯ ಹತ್ತಿರ ಬೆರಳಗಲದ ಕೂದಲನ್ನು ಎತ್ತಿ ಹಿಡಿದು, 2ನೆಯ ಕುಚ್ಚನ್ನು ಬುಡಕ್ಕೆ ತಾಗಿಸಿ ನೋಡುತ್ತಾರೆ, ಆಮೇಲೆ 3ನ್ನು, 4ನ್ನು. ಯಾವ ಕುಚ್ಚು ಕೂದಲಿನೊಳಗೆ ಕಾಣದಂತೆ ಬೆರೆತುಹೋಗುತ್ತದೋ ಅದು ಆ ಜಾಗದ ಲೆವೆಲ್. ಕುಚ್ಚುಗಳನ್ನು ಬಿಡಿಬಿಡಿಯಾಗಿ ಬಿಡಿಸಿ ಕೂದಲಿನೊಳಗೆ ತೂರಿಸಿ ನೋಡಬಹುದು ಎಂಬುದೇ ರಿಂಗಿನ ಅನುಕೂಲ. ರಟ್ಟಿಗೆ ಅಂಟಿಸಿದ ಕಾರ್ಡಿನಲ್ಲಿ ಇದು ಕಷ್ಟ. ನೆತ್ತಿಯಲ್ಲಿ ಒಮ್ಮೆ ನೋಡಿದರೆ ಸಾಲದು. ಹಣೆಯಂಚು, ಕಿವಿಯ ಮೇಲೆ, ಕುತ್ತಿಗೆಯ ಹಿಂದೆ, ನಡುವಿನ ಉದ್ದ, ತುದಿ, ಹೀಗೆ ಐದಾರು ಕಡೆ ನೋಡಿದರೆ ಒಂದೇ ತಲೆಯಲ್ಲಿ ಎರಡು ಮೂರು ಲೆವೆಲ್ ಸಿಗುವುದು ಅಪರೂಪವೇನಲ್ಲ.

ಕೂದಲು ಪೂರ್ತಿ ಒಣಗಿರಬೇಕು, ಎಣ್ಣೆ ಇರಬಾರದು. ಒದ್ದೆ ಕೂದಲು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿದ ಕೂದಲೂ ಹಾಗೆಯೇ. ಹಿಂದಿನ ರಾತ್ರಿ ಎಣ್ಣೆ ಹಚ್ಚಿ ಬೆಳಿಗ್ಗೆ ಹಾಗೇ ಸಲೂನಿಗೆ ಬಂದವರ ಕೂದಲನ್ನು ರಿಂಗಿನಿಂದ ಅಳೆದರೆ 3 ಇದ್ದದ್ದು 2 ಎಂದು ಕಾಣಬಹುದು.

ಬೆಳಕಿನ ವಿಷಯದಲ್ಲಂತೂ ಹೆಚ್ಚಿನ ಸಲೂನುಗಳು ತೀರಾ ಉದಾಸೀನ. ಕನ್ನಡಿಯ ಸುತ್ತ ಹಳದಿ ದೀಪ, ಛಾವಣಿಯಲ್ಲಿ ನೀಲಿಬೆರೆತ ಬಿಳಿ ದೀಪ. ಹಳದಿ ಬೆಳಕಿನಲ್ಲಿ ಹೊನ್ನು, ತಾಮ್ರದ ಛಾಯೆಗಳು ಮೆರೆಯುತ್ತವೆ, ಬೂದಿ ಛಾಯೆ ಮಂಕಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ನೈಲಾನ್ ಎಳೆಯ ಬಣ್ಣ ಮತ್ತು ಮನುಷ್ಯರ ಕೂದಲಿನ ಬಣ್ಣ ಒಂದು ದೀಪದ ಕೆಳಗೆ ತಾಳೆಯಾದರೂ ಇನ್ನೊಂದರ ಕೆಳಗೆ ಬೇರೆಬೇರೆಯಾಗಿ ಕಾಣಬಹುದು, ಏಕೆಂದರೆ ಎರಡರಲ್ಲೂ ಇರುವ ಬಣ್ಣದ ವಸ್ತುಗಳೇ ಬೇರೆ. ಸೀರೆಯಂಗಡಿಯಲ್ಲಿ ಬ್ಲೌಸಿನ ಬಟ್ಟೆ ಹೊಂದಿಸುವಾಗ ಬಾಗಿಲ ಬಳಿ ಹೋಗಿ ನೋಡುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆವೆಲ್ ನೋಡುವುದಾಗಲಿ ಛಾಯೆ ಆರಿಸುವುದಾಗಲಿ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲೇ ಆಗಬೇಕು. ಹಳೆಯ ಕಾರ್ಡಾದರೆ ಅದರ ಸ್ಥಿತಿಯನ್ನೂ ಗಮನಿಸಬೇಕು. ನೂರಾರು ಜನ ಮುಟ್ಟಿದ ಕುಚ್ಚು ಜಿಡ್ಡಾಗಿರುತ್ತದೆ, ಕಿಟಕಿಯ ಬಳಿ ತೆರೆದಿಟ್ಟಿದ್ದರೆ ಮಾಸಿರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಾರ್ಡಿನ ಕುಚ್ಚು ಫಲಿತಾಂಶವನ್ನು ಹೇಳಲಾರದು. ಏಕೆಂದು ತಿಳಿಯಬೇಕಾದರೆ ಟ್ಯೂಬಿನ ಕ್ರೀಮು ಕೂದಲಿನೊಳಗೆ ಹೋಗಿ ಮಾಡುವ ಕೆಲಸ ನೋಡಬೇಕು.

ಪರ್ಮನೆಂಟ್ ಬಣ್ಣವನ್ನು ಡೆವಲಪರ್ ಜೊತೆ ಕಲಸಿ ಹಚ್ಚುತ್ತಾರೆ. ಡೆವಲಪರ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಎಂದರೆ ಅದರಲ್ಲಿ ಶೇಕಡ 6, 30 ವಾಲ್ಯೂಮ್ ಎಂದರೆ ಶೇಕಡ 9. ಕ್ರೀಮಿನಲ್ಲಿರುವ ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಮಾಡುತ್ತದೆ. ಒಳಗೆ ಹೋದ ಪೆರಾಕ್ಸೈಡ್ ಎರಡು ಕೆಲಸ ಮಾಡುತ್ತದೆ. ಕೂದಲಿನ ಸಹಜ ಬಣ್ಣವಾದ ಮೆಲನಿನ್ನನ್ನು ಸ್ವಲ್ಪ ಒಡೆಯುತ್ತದೆ, ಜೊತೆಗೆ ಟ್ಯೂಬಿನಿಂದ ಬಂದ ಬಣ್ಣವಿಲ್ಲದ ಸಣ್ಣ ಅಣುಗಳನ್ನು ಕೂಡಿಸಿ ಬಣ್ಣದ ದೊಡ್ಡ ಅಣುಗಳಾಗಿ ಬೆಳೆಸುತ್ತದೆ. ದೊಡ್ಡದಾದ ಮೇಲೆ ಅವು ಸುಲಭಕ್ಕೆ ಹೊರಗೆ ಬರುವುದಿಲ್ಲ. ಹೀಗಾಗಿ ಕೊನೆಗೆ ಕಾಣುವುದು ಒಡೆಯದೆ ಉಳಿದ ನಿಮ್ಮ ಬಣ್ಣ ಮತ್ತು ಹೊಸದಾಗಿ ಬಂದ ಬಣ್ಣ, ಎರಡೂ ಸೇರಿದ್ದು. ಕಾರ್ಡು ತೋರಿಸುವುದು ಇದರಲ್ಲಿ ಎರಡನೆಯದನ್ನು ಮಾತ್ರ.

ಒಡೆಯದೆ ಉಳಿದ ಬಣ್ಣ ಎಂಥದು ಎಂಬುದೇ ಕಪ್ಪು ಕೂದಲಿನ ಮುಖ್ಯ ಪ್ರಶ್ನೆ. ಕಪ್ಪು ಕೂದಲು ತಿಳಿಯಾಗುವಾಗ ನೇರವಾಗಿ ಹೊಂಬಣ್ಣಕ್ಕೆ ಹೋಗುವುದಿಲ್ಲ. 4ರ ಹತ್ತಿರ ಒಳಗಿನ ಕೆಂಪು ಹೊರಗೆ ಬರುತ್ತದೆ, 5ರಲ್ಲಿ ಕೆಂಪುಮಿಶ್ರಿತ ಕಿತ್ತಳೆ, 6ರಲ್ಲಿ ಕಿತ್ತಳೆ. 8ಕ್ಕೆ ಹೋದ ಮೇಲೆಯೇ ಹಳದಿ. 20 ವಾಲ್ಯೂಮಿನಲ್ಲಿ ಬಣ್ಣ ಹಾಕದ ಕೂದಲು ಒಂದರಿಂದ ಎರಡು ಲೆವೆಲ್ ಏರಬಹುದು, 30ರಲ್ಲಿ ಎರಡರಿಂದ ಮೂರು. ಹುಟ್ಟುಗೂದಲು 2 ಇರುವವರು ಕಾರ್ಡಿನಲ್ಲಿ 7.1, ಅಂದರೆ ಬೂದಿ ಛಾಯೆಯ ಹೊಂಬಣ್ಣ ಆರಿಸಿದರೆ, ಒಂದು ಟ್ಯೂಬು ಹಚ್ಚಿ ಅಲ್ಲಿಗೆ ಮುಟ್ಟುವುದು ಆಗದ ಮಾತು. ಕೂದಲು 4ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೂದಿ ಛಾಯೆಯಲ್ಲಿರುವ ನೀಲಿ ಹೊರಬಂದ ಕೆಂಪನ್ನು ಸ್ವಲ್ಪ ಅಡಗಿಸುತ್ತದೆ, ಅಷ್ಟೆ. ಕನ್ನಡಿಯಲ್ಲಿ ಕಾಣುವುದು ಬಿಸಿಲಿನಲ್ಲಷ್ಟೇ ತಿಳಿಯುವ ಒಂದು ಕಂದು. ಕಾರ್ಡಿನ ಬೂದಿ ಎಲ್ಲೂ ಇರುವುದಿಲ್ಲ. ಅಲ್ಲಿಗೆ ಹೋಗಲೇಬೇಕೆಂದರೆ ಮೊದಲು ಬ್ಲೀಚ್ ಹಾಕಿ ಬಣ್ಣ ತೆಗೆಯಬೇಕು, ಅದರಿಂದ ಕೂದಲಿಗಾಗುವ ಹಾನಿಯ ಮಾತು ಬೇರೆಯೇ.

ಇದಕ್ಕಿಂತಲೂ ಹೆಚ್ಚು ಜನರನ್ನು ಕೆಡಿಸುವ ಸಂಗತಿ ಒಂದಿದೆ. ಹುಟ್ಟುಬಣ್ಣವನ್ನು ಪೆರಾಕ್ಸೈಡ್ ಒಡೆಯುತ್ತದೆ, ಆದರೆ ಹಿಂದೆ ಹಾಕಿದ ಕೃತಕ ಬಣ್ಣವನ್ನು ಹೊಸ ಟ್ಯೂಬು ತಿಳಿಗೊಳಿಸುವುದಿಲ್ಲ. ಮನೆಯಲ್ಲಿ ಪ್ಯಾಕೆಟ್ಟಿನ ಕಪ್ಪು ಹಚ್ಚಿಕೊಂಡಿದ್ದವರು ಸಲೂನಿಗೆ ಬಂದು ಕಂದು ಕೇಳಿದರೆ, ಹೊಸದಾಗಿ ಬೆಳೆದ ಬುಡ ಕಂದಾಗುತ್ತದೆ, ಉಳಿದದ್ದು ಕಪ್ಪಾಗಿಯೇ ಇರುತ್ತದೆ.

ಒಬ್ಬ ಗ್ರಾಹಕಿಯನ್ನು ಎದುರಿಗೆ ಕೂರಿಸಿಕೊಂಡು ಇದನ್ನೆಲ್ಲ ಲೆಕ್ಕ ಹಾಕೋಣ. ನಲವತ್ತೈದರ ಆಸುಪಾಸಿನ ವಯಸ್ಸು, ಹುಟ್ಟುಗೂದಲು ಲೆವೆಲ್ 3. ಹಣೆಯಂಚಿನಲ್ಲೂ ಕಿವಿಯ ಮೇಲೂ ನೂರರಲ್ಲಿ ಮೂವತ್ತರಷ್ಟು ನರೆ. ನಾಲ್ಕು ತಿಂಗಳಿಂದ ಏನೂ ಹಚ್ಚಿಲ್ಲ, ಹಾಗಾಗಿ ಬುಡದ ಎರಡು ಇಂಚು ಹೊಸದು. ಅದಕ್ಕೂ ಮೊದಲು ಎರಡು ವರ್ಷ ಪ್ರತಿ ತಿಂಗಳೂ ಮದರಂಗಿ. ಮದರಂಗಿಗೂ ಮೊದಲು ಪ್ಯಾಕೆಟ್ಟಿನ ಕಪ್ಪು. ಅದು ತುದಿಯ ನಾಲ್ಕು ಇಂಚಿನಲ್ಲಿ ಇನ್ನೂ ಇದೆ. ಆಕೆ ಬೆರಳಿಟ್ಟದ್ದು 6.3ರ ಮೇಲೆ, ಜೇನಿನಂಥ ಹೊನ್ನಿನ ಛಾಯೆ.

ಕಾರ್ಡನ್ನು ನಂಬಿ 6.3ನ್ನು 20 ವಾಲ್ಯೂಮಿನಲ್ಲಿ ಕಲಸಿ ತಲೆಗೆಲ್ಲ ಹಚ್ಚಿದರು ಎನ್ನೋಣ. ಬುಡದ ಕಪ್ಪು ಕೂದಲು 4-5ಕ್ಕೆ ಏರಿ, ಒಳಗಿನ ಕೆಂಪು ಕಂಡು, ಬೆಚ್ಚನೆಯ ಕಂದಾಗುತ್ತದೆ. ಅದರಲ್ಲೂ ನೆತ್ತಿಗೆ ಅಂಟಿಕೊಂಡ ಭಾಗ, ಸುಮಾರು ಒಂದು ಸೆಂಟಿಮೀಟರು, ತಲೆಯ ಬಿಸಿಗೆ ಬೇಗ ಕೆಲಸ ಮಾಡಿ ಇನ್ನಷ್ಟು ತಿಳಿಯಾಗಿ ಕೆಂಪಾಗುತ್ತದೆ. ದೂರದಿಂದ ನೋಡಿದರೆ ಬೈತಲೆಯುದ್ದಕ್ಕೂ ಒಂದು ಪಟ್ಟಿ. ನರೆಗೂದಲಿನಲ್ಲಿ ಒಡೆಯಲು ಬಣ್ಣವೇ ಇಲ್ಲ, ಆದ್ದರಿಂದ ಕಾರ್ಡಿನ ಕುಚ್ಚಿಗೆ ಹತ್ತಿರದ ಫಲಿತಾಂಶ ಸಿಗುವುದು ಅಲ್ಲಿ ಮಾತ್ರ, ಅದೂ ಸ್ವಲ್ಪ ತೆಳುವಾಗಿ. ಕಿವಿಯ ಮೇಲೆ ಹೊಳೆಯುವ ಹೊನ್ನಿನ ಎಳೆಗಳು, ಪಕ್ಕದಲ್ಲೇ ಕಂದು. ಮದರಂಗಿಯ ಉದ್ದ ಹೆಚ್ಚೇನೂ ಬದಲಾಗದೆ ಕೆಂಗಂದಾಗಿ ಉಳಿಯುತ್ತದೆ. ತುದಿ ಕಪ್ಪು. ಒಂದೇ ಟ್ಯೂಬಿನಿಂದ ಒಂದೇ ತಲೆಯಲ್ಲಿ ನಾಲ್ಕು ಬಣ್ಣ. ಆಕೆ ಬೆರಳಿಟ್ಟಿದ್ದ ಬಣ್ಣ, ಯಾರೂ ಬಯಸದ ಜಾಗದಲ್ಲಿ, ನರೆಯನ್ನು ಎತ್ತಿ ತೋರಿಸುತ್ತಾ ಕೂತಿರುತ್ತದೆ.

ಅನುಭವಿಗಳು ಇಲ್ಲಿ ಕಾರ್ಡನ್ನು ಮುಚ್ಚಿಟ್ಟು ಕತ್ತರಿ ತೆಗೆದುಕೊಳ್ಳುತ್ತಾರೆ. ಸಲೂನಿನವರು ಸ್ಟ್ರ್ಯಾಂಡ್ ಟೆಸ್ಟ್ ಎನ್ನುವ ಈ ಪರೀಕ್ಷೆಗೆ ಬೇಕಾದದ್ದು ಮೂರು ಸಣ್ಣ ಎಳೆಗೊಂಚಲು, ಹೊರಗೆ ಕಾಣದ ಜಾಗದಿಂದ: ಒಂದು ಕಿವಿಯ ಹಿಂಬದಿಯಲ್ಲಿ ನರೆ ಇರುವ ಕಡೆಯ ಬುಡದಿಂದ, ಒಂದು ಮದರಂಗಿಯ ಭಾಗದಿಂದ, ಇನ್ನೊಂದು ತುದಿಯಿಂದ. ಪ್ರತಿಯೊಂದನ್ನೂ ಒಂದು ಕೊನೆಯಲ್ಲಿ ಟೇಪಿನಿಂದ ಕಟ್ಟಿ, ಯಾವುದು ಎಲ್ಲಿಯದು ಎಂದು ಟೇಪಿನ ಮೇಲೆ ಬರೆಯಬೇಕು. ಐದು ಗ್ರಾಂ ಬಣ್ಣಕ್ಕೆ ಆ ಕಂಪನಿ ಹೇಳಿದ ಅಳತೆಯ ಡೆವಲಪರ್. ಒಂದಕ್ಕೆ ಒಂದೂವರೆ ಎಂದಿದ್ದರೆ ಏಳೂವರೆ ಗ್ರಾಂ. ಕಣ್ಣಂದಾಜು ಬೇಡ, ತಕ್ಕಡಿಯಲ್ಲೇ ತೂಗಬೇಕು. ಎಳೆಗಳಿಗೆ ಚೆನ್ನಾಗಿ ಹಚ್ಚಿ, ಫಾಯಿಲಿನ ಮೇಲೆ ಮಲಗಿಸಿ, ತಲೆಗೆ ಎಷ್ಟು ಹೊತ್ತು ಬಿಡುತ್ತಾರೋ ಅಷ್ಟೇ ಹೊತ್ತು, ಸಾಮಾನ್ಯವಾಗಿ 35 ನಿಮಿಷ, ಬಿಡಬೇಕು. ಈ ನಡುವೆ ಬಟ್ಟಲಿನಲ್ಲಿರುವ ಕ್ರೀಮು ಗಾಳಿಗೆ ಕಪ್ಪಾಗುತ್ತಾ ಹೋಗುತ್ತದೆ. ಅದನ್ನು ನೋಡಿ ಹೆದರುವವರೂ ಇದ್ದಾರೆ, ಸಂತೋಷಪಡುವವರೂ ಇದ್ದಾರೆ. ಕೂದಲಿಗೆ ಬರುವ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊತ್ತಾದ ಮೇಲೆ ತೊಳೆದು, ಶಾಂಪೂ ಹಾಕಿ, ಡ್ರೈಯರಿನಲ್ಲಿ ಪೂರ್ತಿ ಒಣಗಿಸಿ, ಕಿಟಕಿಯ ಬಳಿ ಬಿಳಿ ಕಾಗದದ ಮೇಲೆ ಇಟ್ಟು ನೋಡಬೇಕು.

ಮದರಂಗಿಯ ಎಳೆಯಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಅಪ್ಪಟ ಮದರಂಗಿ ಎಲೆಯ ಪುಡಿ ಪೆರಾಕ್ಸೈಡಿನ ಜೊತೆ ಜಗಳವಾಡುವುದಿಲ್ಲ. ಆದರೆ ಮದರಂಗಿಯ ಹೆಸರಿನಲ್ಲಿ ಬರುವ ಪುಡಿಗಳೆಲ್ಲ ಅಪ್ಪಟವಲ್ಲ. ಕೆಲವಕ್ಕೆ ಲೋಹದ ಲವಣ ಬೆರೆತಿರುತ್ತದೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಎಳೆ ಬಿಸಿಯಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಕೆಲವೊಮ್ಮೆ ಎಳೆದರೆ ಕಿತ್ತುಬರುವಷ್ಟು ಮೆತ್ತಗಾಗುತ್ತದೆ. ಫಾಯಿಲ್ ಮುಟ್ಟಿ ನೋಡಿದಾಗ ಬಿಸಿ ತಗುಲಿದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಬೇಕು. ಕೂದಲನ್ನು ಕಪ್ಪಾಗಿಸಲು ಮದರಂಗಿಯ ನಂತರ ನೀಲಿಸೊಪ್ಪಿನ ಪುಡಿ ಹಚ್ಚಿದ್ದರೆ ಬ್ಲೀಚಿನಲ್ಲಿ ಹಸಿರು ಕಾಣಿಸಿಕೊಳ್ಳುವುದುಂಟು. ಇದಾವುದನ್ನೂ ಯಾವ ಕಂಪನಿಯ ಕಾರ್ಡೂ ಹೇಳುವುದಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಆದ್ದರಿಂದ ಸಲೂನಿನವರು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಶೇಡ್ ಬೇಕು?" ಅಲ್ಲ, "ಎರಡು ಮೂರು ವರ್ಷದಿಂದ ಕೂದಲಿಗೆ ಏನೇನು ಹಚ್ಚಿದ್ದೀರಿ ಮೇಡಂ?" ಎಂಬುದು. ಮದರಂಗಿಯನ್ನು ಬಣ್ಣವೆಂದೇ ಎಣಿಸದ ನಮ್ಮ ಜನ ಈ ಪ್ರಶ್ನೆಗೆ "ಏನೂ ಹಚ್ಚಿಲ್ಲ" ಎಂದೇ ಉತ್ತರಿಸುತ್ತಾರೆ. ಮದರಂಗಿ, ಕಪ್ಪು ಮೆಹಂದಿ, ಕಪ್ಪು ಶಾಂಪೂ ಎಂದು ಒಂದೊಂದಾಗಿ ಹೆಸರು ಹಿಡಿದು ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ನಮ್ಮ ಗ್ರಾಹಕಿಯ ಮೂರು ಎಳೆಗಳು ಒಣಗಿ ಕಾಗದದ ಮೇಲೆ ಮಲಗಿವೆ. ಈಗ ಆಕೆಗೆ ಕಾರ್ಡು ತೋರಿಸಿ ಒಪ್ಪಿಸಬೇಕಾಗಿಲ್ಲ, ತನ್ನದೇ ಕೂದಲು ಕಣ್ಣೆದುರಿಗಿದೆ. ನರೆ ಜೇನುಬಣ್ಣಕ್ಕೆ ಹೋದದ್ದು, ಮದರಂಗಿ ಕದಲದೆ ನಿಂತದ್ದು, ತುದಿ ಕಪ್ಪಾಗಿಯೇ ಉಳಿದದ್ದು ಎಲ್ಲ ಕಾಣುತ್ತದೆ. ಇಲ್ಲಿಂದ ಮುಂದಿನ ಮಾತು ಬೇರೆ ದಾರಿ ಹಿಡಿಯುತ್ತದೆ. ಬುಡಕ್ಕೆ 6ರ ಬದಲು 5, ಅದರಲ್ಲೂ ಅರ್ಧ ಪಾಲು ಛಾಯೆಯಿಲ್ಲದ ಸಹಜ 5, ಅರ್ಧ ಪಾಲು 5.3. ಸಹಜ ಬಣ್ಣ ಬೆರೆಸಿದರೆ ನರೆ ಚೆನ್ನಾಗಿ ಮುಚ್ಚುತ್ತದೆ, ಅಕ್ಕಪಕ್ಕದ ಕಂದಿನ ಜೊತೆ ಹೊಂದುತ್ತದೆ. ಬರೀ ಛಾಯೆಯ ಟ್ಯೂಬು ನರೆಯ ಮೇಲೆ ತೆಳುವಾಗಿ, ಹೊಳಪಾಗಿ ಕೂರುತ್ತದೆ ಎಂಬುದು ಆಗಲೇ ಎಳೆಯಲ್ಲಿ ಕಂಡಿದೆ. ನೆತ್ತಿಗೆ ಅಂಟಿದ ಭಾಗ ಮೊದಲೇ ಕೆಂಪಾಗದಿರಲು, ಅದನ್ನು ಬಿಟ್ಟು ಸ್ವಲ್ಪ ಮೇಲಿನಿಂದ ಹಚ್ಚಲು ಶುರುಮಾಡಿ, ಬುಡಕ್ಕೆ ಆಮೇಲೆ ಬರುವುದು ವಾಡಿಕೆ. ಆದರೆ ನರೆ ಹೆಚ್ಚಿರುವ ಹಣೆಯಂಚಿನಲ್ಲಿ ಬಣ್ಣಕ್ಕೆ ಪೂರ್ತಿ ಸಮಯ ಬೇಕಾದ್ದರಿಂದ ಅಲ್ಲಿ ಬುಡದಿಂದಲೇ. ಮದರಂಗಿಯ ಉದ್ದವನ್ನು ಮುಟ್ಟದೆ ಬಿಡಬಹುದು. ಬುಡದ ಬೆಚ್ಚನೆಯ ಕಂದು ಅದರ ಕೆಂಗಂದಿನೊಳಗೆ ಇಳಿದು ಸೇರಿಕೊಳ್ಳುತ್ತದೆ. ತುದಿಯ ಕಪ್ಪನ್ನು ಎರಡು ಮೂರು ಸಲ ಕತ್ತರಿಸುವುದರಲ್ಲಿ ಕಳೆದುಕೊಳ್ಳುವುದೇ ಲೇಸು. ಆಕೆ ಮೊದಲು ಬಯಸಿದ್ದ ಜೇನುಬಣ್ಣ ಸಿಗಲಿಲ್ಲ ನಿಜ. ಆದರೆ ಸಿಕ್ಕಿದ್ದು ಏನೆಂದು ತೊಳೆಯುವ ಮೊದಲೇ ಗೊತ್ತಿತ್ತು, ಒಪ್ಪಿಗೆಯೂ ಇತ್ತು.

"ಇಷ್ಟಕ್ಕೆಲ್ಲ ಸಮಯ ಎಲ್ಲಿದೆ?" ಎನ್ನುವ ಸಲೂನುಗಳೇ ಹೆಚ್ಚು. ಹಬ್ಬದ ವಾರದಲ್ಲಿ, ಮದುವೆಯ ಹಿಂದಿನ ದಿನ ಜನ ಸಾಲುಗಟ್ಟಿರುವಾಗ ಮುಕ್ಕಾಲು ಗಂಟೆಯ ಪರೀಕ್ಷೆ ಅವರಿಗೆ ನಷ್ಟವಾಗಿ ಕಾಣುತ್ತದೆ. ಆದರೆ ಇದಕ್ಕೆ ಹೇಗೂ ಒಂದು ಜಾಗವಿದೆ. ಬಣ್ಣದಿಂದ ಅಲರ್ಜಿ ಆಗುತ್ತದೆಯೇ ಎಂದು ತಿಳಿಯಲು 48 ಗಂಟೆ ಮೊದಲೇ ಚರ್ಮದ ಮೇಲೆ ಸ್ವಲ್ಪ ಹಚ್ಚಿ ನೋಡಬೇಕು. ಗಾಢ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಲ್ಲಿ ಮುಖ ಊದಿಕೊಳ್ಳುವಷ್ಟು ತೊಂದರೆ ಕೊಡುತ್ತದೆ. ಆ ಪರೀಕ್ಷೆಗೆ ಬಂದ ದಿನವೇ ಮೂರು ಎಳೆ ಕತ್ತರಿಸಿಕೊಂಡು ಇಟ್ಟರೆ, ಮುಖ್ಯ ಕೆಲಸದ ದಿನಕ್ಕೆ ಉತ್ತರ ತಯಾರಿರುತ್ತದೆ.

ಎಳೆಯ ಪರೀಕ್ಷೆಗೂ ಮಿತಿಗಳಿವೆ. ಕತ್ತರಿಸಿದ ಎಳೆಗೆ ತಲೆಯ ಬಿಸಿ ಇಲ್ಲ, ಹಾಗಾಗಿ ನೆತ್ತಿಯ ಹತ್ತಿರದ ಆ ಒಂದು ಸೆಂಟಿಮೀಟರಿನ ವರ್ತನೆಯನ್ನು ಅದು ಹೇಳದು. ಸಣ್ಣ ಗೊಂಚಲು ತೆಳುವಾದ್ದರಿಂದ ತಲೆಯ ಮೇಲೆ ಒತ್ತಾಗಿ ಕೂತ ಕೂದಲಿಗಿಂತ ತಿಳಿಯಾಗಿ ಕಾಣುತ್ತದೆ. ಅದನ್ನು ಗಳಿಗೆಗಳಿಗೆಗೂ ಮಡಿಸಿ ದಪ್ಪ ಮಾಡಿ ನೋಡುವುದು ಒಳ್ಳೆಯದು. ಮುಖದ ಬಣ್ಣದ ಪಕ್ಕದಲ್ಲಿ ಹೇಗೆ ಕಾಣುತ್ತದೆ ಎಂಬುದು ಹಿಡಿದು ನೋಡಿದರಷ್ಟೇ ಗೊತ್ತಾಗುವುದು. ಇನ್ನು, ಎಷ್ಟು ದಿನ ಉಳಿಯುತ್ತದೆ ಎಂಬ ಪ್ರಶ್ನೆಗೆ ಕಾರ್ಡಿನಲ್ಲೂ ಎಳೆಯಲ್ಲೂ ಉತ್ತರವಿಲ್ಲ. ಕೆಂಪು ಮತ್ತು ತಾಮ್ರದ ಛಾಯೆಗಳು ಮೊದಲ ಕೆಲವು ವಾರಗಳಲ್ಲೇ ಮಾಸುತ್ತವೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಬರುವ ಗಡಸು ಬೋರ್‌ವೆಲ್ ನೀರಿನಲ್ಲಿ ತಲೆ ತೊಳೆಯುವವರಿಗೆ ಕೂದಲ ಮೇಲೆ ಲವಣದ ಪೊರೆ ಕೂತು ಹೊಳಪು ಇನ್ನೂ ಬೇಗ ಹೋಗುತ್ತದೆ. ಸವೆದ ತುದಿಗಳು ಮೊದಲ ದಿನ ಬಣ್ಣವನ್ನು ಹೆಚ್ಚಾಗಿ ಹೀರಿ ಗಾಢವಾಗಿ ಕಾಣುತ್ತವೆ, ಕಳೆದುಕೊಳ್ಳುವಾಗಲೂ ಅವೇ ಮುಂದೆ.

ಅದಕ್ಕೇ ಕೆಲವು ಒಳ್ಳೆಯ ಸಲೂನುಗಳು ಕಂಪನಿಯ ಕಾರ್ಡಿನ ಜೊತೆಗೆ ತಮ್ಮದೇ ರಿಂಗನ್ನು ಕಟ್ಟಿಕೊಳ್ಳುತ್ತವೆ. ಕತ್ತರಿಸಿ ಬಿದ್ದ ಕೂದಲಿನಿಂದ, ಗ್ರಾಹಕರ ಒಪ್ಪಿಗೆ ಪಡೆದು, ಲೆವೆಲ್ 2 ಮತ್ತು 3ರ ಬಣ್ಣ ಹಾಕದ ಕೂದಲು, ನರೆಗೂದಲು, ಮದರಂಗಿ ಹಾಕಿದ ಕೂದಲನ್ನು ಬೇರೆಬೇರೆ ಕುಚ್ಚು ಮಾಡಿ, ಹೆಚ್ಚು ಬೇಡಿಕೆಯ ಐದಾರು ಶೇಡ್‌ಗಳನ್ನು ಪ್ರತಿಯೊಂದರ ಮೇಲೂ ಹಾಕಿ ನೋಡುತ್ತಾರೆ. ಕುಚ್ಚಿನ ಮೇಲೆ ಒಂದು ಚೀಟಿ: ಮೊದಲಿನ ಲೆವೆಲ್, ಟ್ಯೂಬಿನ ಹೆಸರು ಮತ್ತು ಸಂಖ್ಯೆ, ಡೆವಲಪರಿನ ವಾಲ್ಯೂಮ್, ನಿಮಿಷ, ತಾರೀಖು. ಕಂಪನಿಯ ಕಾರ್ಡಿನಲ್ಲಿ 6.3 ಒಂದೇ ಇದೆ. ಇಂಥ ರಿಂಗಿನಲ್ಲಿ 6.3 ಮೂರು ಬೇರೆಬೇರೆ ಬಣ್ಣವಾಗಿ ಅಕ್ಕಪಕ್ಕ ತೂಗುತ್ತಿರುತ್ತದೆ. ಗ್ರಾಹಕರು ತಮ್ಮ ಕೂದಲಿಗೆ ಹತ್ತಿರದ ಕುಚ್ಚು ಯಾವುದೆಂದು ತಾವೇ ಹುಡುಕಿಕೊಳ್ಳುತ್ತಾರೆ. ತಿಂಗಳೂವರೆಯ ನಂತರ ರೂಟ್ ಟಚಪ್‌ಗೆ ಬಂದಾಗಲೂ ಇದೇ ಚೀಟಿಯ ಲೆಕ್ಕ ಕೆಲಸಕ್ಕೆ ಬರುತ್ತದೆ. ಆದರೆ ಆಗ ಅದನ್ನು ಹಚ್ಚಬೇಕಾದದ್ದು ಹೊಸದಾಗಿ ಬೆಳೆದ ಮುಕ್ಕಾಲು ಇಂಚಿಗೆ ಮಾತ್ರ. ಉಳಿದ ಉದ್ದ ಅಷ್ಟರಲ್ಲಿ ಬೇರೆ ಲೆವೆಲ್ಲಿನ ಕೂದಲಾಗಿರುತ್ತದೆ, ಅದನ್ನು ರಿಂಗ್ ಹಿಡಿದು ಮತ್ತೆ ಹೊಸದಾಗಿಯೇ ಅಳೆಯಬೇಕು.